ಚೆಕ್ ಅಮಾನ್ಯ ಪ್ರಕರಣಗಳಲ್ಲಿ ಹಣ ಬರಬೇಕಾದವರು ಸಾಬೀತುಪಡಿಸಬೇಕಾದದ್ದೇನು?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು ಸೀಮೆಯಲ್ಲಿ ಭತ್ತ ಮತ್ತು ಅಕ್ಕಿಯ ವಹಿವಾಟು ಬಹುಪಾಲು ನಡೆಯುವುದು ಉದ್ರಿಯ ಮೇಲೆ. ಗಿರಣಿಯಿಂದ ಅಕ್ಕಿ ಹೊರಟ ದಿನವೇ ಹಣ ಕೈಸೇರುವುದು ಅಪರೂಪ. ಮಸ್ಕಿ, ಲಿಂಗಸುಗೂರು ಕಡೆಯ ಕಿರಾಣಿ ಹಾಗೂ ಸಗಟು ವರ್ತಕರು ನಲವತ್ತೈದು ಅಥವಾ ಅರವತ್ತು ದಿನಗಳ ಮುಂದಿನ ತಾರೀಖು ಹಾಕಿ ಚೆಕ್ ಕೊಡುತ್ತಾರೆ. ಗಿರಣಿಯವರು ಅದನ್ನು ತಿಜೋರಿಯಲ್ಲಿಟ್ಟು ತಾರೀಖಿಗಾಗಿ ಕಾಯುತ್ತಾರೆ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂದು ಆ ಚೆಕ್ ಹಿಂತಿರುಗಿದಾಗ, ಸಹಿ ಮಾಡಿದ ಚೆಕ್ ಕೈಯಲ್ಲಿದೆಯೆಂದ ಮೇಲೆ ನ್ಯಾಯಾಲಯದಲ್ಲಿ ಗೆಲುವು ಖಚಿತವೆಂಬ ನಂಬಿಕೆ ವರ್ತಕರಲ್ಲಿ ಬಲವಾಗಿದೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಕಾನೂನು ಚೆಕ್ ಪಡೆದವರ ಪರವಾಗಿ ಒಂದು ದೊಡ್ಡ ಅನುಕೂಲವನ್ನು ಕಲ್ಪಿಸಿದೆ. ಆದರೆ ಆ ಅನುಕೂಲ ದೊರೆಯುವುದು ಮೊತ್ತ ಸರಿಯಿದ್ದು, ದಿನಗಳ ಲೆಕ್ಕ ತಪ್ಪದೆ ಇದ್ದಾಗ. ಎದುರು ಪಕ್ಷದವರು ಸಂಶಯವೆಬ್ಬಿಸಿದಾಗ ಅದನ್ನು ಉಳಿಸಿಕೊಳ್ಳುವುದು ಖಾತೆ-ಕಿರ್ದಿಯ ಬಲದಿಂದ.

1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮವನ್ನು ವಕೀಲರು ಎನ್.ಐ. ಆ್ಯಕ್ಟ್ ಎಂದು ಕರೆಯುವುದು ರೂಢಿ. ಅದರಲ್ಲಿ ಚೆಕ್ ಅಮಾನ್ಯವನ್ನು ಅಪರಾಧವೆಂದು ಪರಿಗಣಿಸುವ 138ನೆಯ ಕಲಮು ಮೂಲದಲ್ಲಿ ಇರಲಿಲ್ಲ. 1988ರ ತಿದ್ದುಪಡಿಯ ಮೂಲಕ ಸೇರ್ಪಡೆಯಾಗಿ, 1989ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 2002ರ ತಿದ್ದುಪಡಿಯು ನೋಟೀಸಿನ ಅವಧಿಯನ್ನು 15 ದಿನಗಳಿಂದ 30 ದಿನಗಳಿಗೆ ಏರಿಸಿತು. ಶಿಕ್ಷೆಯ ಮಿತಿಯನ್ನು ಎರಡು ವರ್ಷಗಳಿಗೆ ಹೆಚ್ಚಿಸಿತು. ಇಂದು ಅಪರಾಧ ಸಾಬೀತಾದರೆ ಎರಡು ವರ್ಷದವರೆಗಿನ ಸೆರೆವಾಸ, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ದಂಡದ ಹಣದಿಂದ ಫಿರ್ಯಾದುದಾರರಿಗೆ ಪರಿಹಾರ ಕೊಡಿಸುವುದು ನ್ಯಾಯಾಲಯಗಳ ಸಾಮಾನ್ಯ ಪದ್ಧತಿ. ವರ್ತಕರಿಗೆ ಬೇಕಾದದ್ದೂ ಅದೇ. ಸಾಲಗಾರ ಜೈಲಿಗೆ ಹೋಗುವುದರಿಂದ ಗಿರಣಿಯ ಬಾಕಿಯೇನೂ ತೀರುವುದಿಲ್ಲ.

ಒಂದು ಉದಾಹರಣೆ

ವಿಷಯದ ಸ್ಪಷ್ಟತೆಗಾಗಿ ಒಂದು ಕಾಲ್ಪನಿಕ ವ್ಯವಹಾರವನ್ನು ತೆಗೆದುಕೊಳ್ಳಬಹುದು. ಸಿಂಧನೂರಿನ ಅಕ್ಕಿ ಗಿರಣಿಯ ಮಾಲೀಕರೊಬ್ಬರು 2025ರ ಜನವರಿ 10ರಂದು ಮಸ್ಕಿಯ ಸಗಟು ವರ್ತಕರೊಬ್ಬರಿಗೆ ರೂ. 4,80,000 ಬೆಲೆಯ ಸೋನಾ ಮಸೂರಿ ಅಕ್ಕಿಯನ್ನು ಕಳುಹಿಸುತ್ತಾರೆ. ವರ್ತಕರು ಅದೇ ಮೊತ್ತಕ್ಕೆ, ಮಾರ್ಚ್ 10ರ ತಾರೀಖು ಹಾಕಿದ ಚೆಕ್ ಕೊಡುತ್ತಾರೆ. ನಡುವೆ, ಫೆಬ್ರುವರಿಯ ಕೊನೆಯಲ್ಲಿ, ಅವರು ರೂ. 1,00,000ವನ್ನು ನೇರವಾಗಿ ಗಿರಣಿಯ ಖಾತೆಗೆ ಜಮಾ ಮಾಡುತ್ತಾರೆ. ಉಳಿದ ಬಾಕಿ ರೂ. 3,80,000.

ಇಲ್ಲಿಯವರೆಗೆ ಯಾವ ಪಕ್ಷದಲ್ಲಿಯೂ ದೋಷವಿಲ್ಲ. ಸೀಮೆಯ ನೂರಾರು ಖಾತೆಗಳಲ್ಲಿ ಇಂಥ ಜಮೆಗಳು ದಿನನಿತ್ಯ ಬೀಳುತ್ತಿರುತ್ತವೆ. ತೊಂದರೆ ಆರಂಭವಾಗುವುದು ಏಪ್ರಿಲ್‌ನಲ್ಲಿ ಗಿರಣಿಯವರು ರೂ. 4,80,000ದ ಹಳೆಯ ಚೆಕ್ಕನ್ನೇ ಬ್ಯಾಂಕಿಗೆ ಹಾಕಿದಾಗ. ಚೆಕ್ ಹಿಂತಿರುಗುತ್ತದೆ. ವಕೀಲರು ಚೆಕ್ ನೋಡಿ ರೂ. 4,80,000ಕ್ಕೆ ನೋಟೀಸು ಕೊಡುತ್ತಾರೆ. ಒಂದು ಲಕ್ಷ ರೂಪಾಯಿಯ ಜಮೆಯ ಮಾತನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ವರ್ಷವೊಂದು ಕಳೆದು ಪಾಟೀಸವಾಲಿನ ಹೊತ್ತಿಗೆ ಆರೋಪಿಯ ವಕೀಲರು ಬ್ಯಾಂಕಿನ ಲೆಕ್ಕಪಟ್ಟಿಯನ್ನು ಮುಂದಿಡುತ್ತಾರೆ. ಅಲ್ಲಿಗೆ ಪ್ರಕರಣದ ಬುಡವೇ ಅಲುಗಾಡುತ್ತದೆ.

2022ರ ಅಕ್ಟೋಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ದಶರಥಭಾಯಿ ತ್ರಿಕಮಭಾಯಿ ಪಟೇಲ್ ವಿರುದ್ಧ ಹಿತೇಶ್ ಮಹೇಂದ್ರಭಾಯಿ ಪಟೇಲ್ ಪ್ರಕರಣದಲ್ಲಿ ನೀಡಿದ ತೀರ್ಪು ಇದೇ ಪ್ರಶ್ನೆಯನ್ನು ಕುರಿತದ್ದು. ಆ ಪ್ರಕರಣದಲ್ಲಿ ಚೆಕ್ಕಿನ ಮೊತ್ತ 20 ಲಕ್ಷ ರೂಪಾಯಿ. ಚೆಕ್ ಕೊಟ್ಟ ನಂತರ, ಅದನ್ನು ಬ್ಯಾಂಕಿಗೆ ಹಾಕುವ ಮೊದಲು, ಸಾಲಗಾರರು ರೂ. 4,09,315ನ್ನು ಪಾವತಿಸಿದ್ದರು. ಆದರೂ ಚೆಕ್ಕು ಪೂರ್ಣ ಮೊತ್ತಕ್ಕೇ ಬ್ಯಾಂಕಿಗೆ ಹೋಯಿತು, ನೋಟೀಸು ಪೂರ್ಣ ಮೊತ್ತಕ್ಕೇ ಹೊರಟಿತು. ಚೆಕ್ಕನ್ನು ನಗದೀಕರಣಕ್ಕೆ ಹಾಕಿದ ದಿನ ಚೆಕ್ಕಿನಲ್ಲಿ ಬರೆದ ಮೊತ್ತ ನಿಜವಾದ ಬಾಕಿಯಾಗಿರಬೇಕು. ಭಾಗಶಃ ಪಾವತಿಯಾಗಿದ್ದರೆ ಅಧಿನಿಯಮದ 56ನೆಯ ಕಲಮಿನಂತೆ ಅದನ್ನು ಚೆಕ್ಕಿನ ಮೇಲೆ ನಮೂದಿಸಿ ಉಳಿದ ಬಾಕಿಗೆ ಮಾತ್ರ ಬಳಸಬೇಕು. ಹಾಗೆ ಮಾಡದೆ ಪೂರ್ಣ ಮೊತ್ತಕ್ಕೆ ಹಾಕಿದ ಚೆಕ್ ಅಮಾನ್ಯವಾದರೆ 138ನೆಯ ಕಲಮಿನ ಅಪರಾಧ ಆಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು.

ಚೆಕ್ಕಿನ ಮೇಲೆ ನಮೂದಿಸುವ ಮಾರ್ಗ ಕಾನೂನಿನಲ್ಲಿದೆಯಾದರೂ ವ್ಯವಹಾರದಲ್ಲಿ ಅದು ಸುಲಭವಲ್ಲ. ಇಂದು ಬ್ಯಾಂಕುಗಳ ನಡುವೆ ಚೆಕ್ಕಿನ ಕಾಗದ ಓಡಾಡುವುದಿಲ್ಲ, ಅದರ ಚಿತ್ರ ಮಾತ್ರ ಹೋಗುತ್ತದೆ. ಮೊತ್ತದಲ್ಲಿ ತಿದ್ದುಪಡಿ ಇರುವ ಚೆಕ್ಕನ್ನು ಈ ಪದ್ಧತಿಯಲ್ಲಿ ಸ್ವೀಕರಿಸುವುದಿಲ್ಲ. ಆದುದರಿಂದ ಭಾಗಶಃ ಹಣ ಬಂದ ಕೂಡಲೇ ಹಳೆಯ ಚೆಕ್ಕನ್ನು ಹಿಂತಿರುಗಿಸಿ, ಉಳಿದ ಬಾಕಿಗೆ ಹೊಸ ಚೆಕ್ ಪಡೆಯುವುದೇ ನೇರ ಮಾರ್ಗ. ಉದಾಹರಣೆಯ ಗಿರಣಿಯವರು ಹಾಗೆಯೇ ಮಾಡಿದರೆಂದು ಭಾವಿಸಬೇಕು. ಅವರ ಕೈಯಲ್ಲಿ ಈಗ ರೂ. 3,80,000ಕ್ಕೆ ಬರೆದ, 2025ರ ಮಾರ್ಚ್ 10ರ ತಾರೀಖಿನ ಹೊಸ ಚೆಕ್ ಇದೆ.

ದಿನಗಳ ಲೆಕ್ಕ

ಚೆಕ್ಕಿನ ಆಯುಷ್ಯ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು. 2012ರ ಏಪ್ರಿಲ್ 1ಕ್ಕೆ ಮೊದಲು ಅದು ಆರು ತಿಂಗಳಿತ್ತು. ಹಳೆಯ ರೂಢಿಯನ್ನೇ ನೆನಪಿಟ್ಟುಕೊಂಡಿರುವ ಹಿರಿಯ ವರ್ತಕರು ಇಂದಿಗೂ ಇದ್ದಾರೆ. ಈ ಮೂರು ತಿಂಗಳಲ್ಲಿ ಚೆಕ್ಕನ್ನು ಎಷ್ಟು ಸಲ ಬೇಕಾದರೂ ಬ್ಯಾಂಕಿಗೆ ಹಾಕಬಹುದು. ಒಮ್ಮೆ ನೋಟೀಸು ಕೊಟ್ಟು ಫಿರ್ಯಾದು ಹೂಡದೆ ಬಿಟ್ಟಿದ್ದರೂ ಮತ್ತೆ ಹಾಕಿ, ಮತ್ತೆ ಅಮಾನ್ಯವಾದಾಗ ಹೊಸ ನೋಟೀಸಿನ ಮೇಲೆ ಮುಂದುವರಿಯಬಹುದೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಂ.ಎಸ್.ಆರ್. ಲೆದರ್ಸ್ ಪ್ರಕರಣದಲ್ಲಿ ತೀರ್ಮಾನಿಸಿದೆ. "ಇನ್ನೊಂದು ವಾರ ತಡೆದು ಹಾಕಿರಿ, ಹತ್ತಿ ಮಾರಾಟದ ಹಣ ಬರುವುದಿದೆ" ಎಂಬ ಮಾತಿಗೆ ಒಪ್ಪಿ ಕಾಯ್ದವರಿಗೆ ಈ ತೀರ್ಪು ಆಸರೆಯಾಗಿದೆ. ಆದರೆ ಮೂರು ತಿಂಗಳು ಮುಗಿದ ಚೆಕ್ಕಿಗೆ ಅದೂ ಜೀವ ಕೊಡಲಾರದು.

ಗಿರಣಿಯವರು ಏಪ್ರಿಲ್ 7, ಸೋಮವಾರ, ಚೆಕ್ಕನ್ನು ತಮ್ಮ ಸಿಂಧನೂರಿನ ಬ್ಯಾಂಕ್ ಶಾಖೆಗೆ ಹಾಕುತ್ತಾರೆ. ಏಪ್ರಿಲ್ 9ರಂದು, ಖಾತೆಯಲ್ಲಿ ಹಣ ಸಾಲದೆಂಬ ಷರಾದೊಡನೆ ಚೆಕ್ಕೂ ಬ್ಯಾಂಕಿನ ಮೆಮೊ ಚೀಟಿಯೂ ಅವರ ಕೈಸೇರುತ್ತವೆ. ಇಲ್ಲಿಂದ ಮೊದಲ ಗಡುವು ಆರಂಭ. ಬ್ಯಾಂಕಿನಿಂದ ಮಾಹಿತಿ ದೊರೆತ ದಿನದಿಂದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಮಾಹಿತಿ ದೊರೆತ ದಿನವನ್ನು ಬಿಟ್ಟು ಎಣಿಸಿದರೆ ಕೊನೆಯ ದಿನ ಮೇ 9.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾನೂನಿನ ಮಾತು "ಮೆಮೊ ದೊರೆತ ದಿನ" ಎಂದಲ್ಲ, ಬ್ಯಾಂಕಿನಿಂದ "ಮಾಹಿತಿ ದೊರೆತ ದಿನ" ಎಂದು. ಚೆಕ್ ಹಿಂತಿರುಗಿದ ಸಂಗತಿ ಮೊಬೈಲಿಗೆ ಸಂದೇಶವಾಗಿ ಮೊದಲೇ ಬಂದು, ಮೆಮೊ ತರಲು ಗುಮಾಸ್ತರು ವಾರ ಬಿಟ್ಟು ಶಾಖೆಗೆ ಹೋಗುವುದುಂಟು. ಎರಡರಲ್ಲಿ ಯಾವುದು ಮೊದಲೋ ಅದರಿಂದ ಎಣಿಸಿದರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ. 2025ರ ಅಕ್ಟೋಬರ್ 4ರಿಂದ ಜಾರಿಯಾದ ನಿರಂತರ ಕ್ಲಿಯರಿಂಗ್ ಪದ್ಧತಿಯಲ್ಲಿ ಚೆಕ್ಕಿನ ಗತಿ ಬಹುಮಟ್ಟಿಗೆ ಅದೇ ದಿನ ತಿಳಿಯುವುದರಿಂದ ಈ ಎಚ್ಚರಿಕೆ ಇನ್ನಷ್ಟು ಬೇಕಾಗಿದೆ.

ಗಿರಣಿಯ ವಕೀಲರು ಏಪ್ರಿಲ್ 21ರಂದು ಸ್ವೀಕೃತಿ ಪತ್ರ ಸಹಿತ ನೋಂದಾಯಿತ ಅಂಚೆಯಲ್ಲಿ ನೋಟೀಸು ಕಳುಹಿಸುತ್ತಾರೆ. ನೋಂದಾಯಿತ ಅಂಚೆ ಸೇವೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿರುವುದರಿಂದ, ಇಂದು ಇದೇ ಕೆಲಸಕ್ಕೆ ಸ್ಪೀಡ್ ಪೋಸ್ಟನ್ನೇ ಬಳಸಬೇಕು. ನೋಟೀಸು 24ರಂದು ಮಸ್ಕಿಯ ವರ್ತಕರಿಗೆ ಮುಟ್ಟುತ್ತದೆ. ಎರಡನೆಯ ಗಡುವು ಅವರದು: ಮುಟ್ಟಿದ ದಿನವನ್ನು ಬಿಟ್ಟು 15 ದಿನಗಳು, ಎಂದರೆ ಮೇ 9ರವರೆಗೆ. ಅಷ್ಟರೊಳಗೆ ಚೆಕ್ಕಿನ ಪೂರ್ಣ ಮೊತ್ತವನ್ನು ಕೊಟ್ಟುಬಿಟ್ಟರೆ ಅಪರಾಧವೇ ಇಲ್ಲ. ಐವತ್ತು ಸಾವಿರ ಕೊಟ್ಟು ಉಳಿದದ್ದಕ್ಕೆ ಗಡುವು ಕೇಳಿದರೆ ಅದು ಪೂರ್ಣ ಪಾವತಿಯೆನಿಸುವುದಿಲ್ಲ.

ಮೇ 9 ಕಳೆದ ಮೇಲೆ, ಮೇ 10ರಂದು ಫಿರ್ಯಾದಿಗೆ ಕಾರಣ ಉಂಟಾಗುತ್ತದೆ. ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ಫಿರ್ಯಾದು ಸಲ್ಲಿಸಬೇಕು. ಕಾರಣ ಉಂಟಾದ ದಿನವನ್ನು ಎಣಿಕೆಯಿಂದ ಬಿಡಬೇಕೆಂದು 2013ರ ಇಕಾನ್ ಅಂತ್ರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿರುವುದರಿಂದ ಕೊನೆಯ ದಿನ ಜೂನ್ 10. ಮೇ 10 ಎರಡನೆಯ ಶನಿವಾರವಾದ್ದರಿಂದ, ಕಾರ್ಯತಃ ಗಿರಣಿಯವರಿಗೆ ಮೇ 12ರಿಂದ ಜೂನ್ 10ರವರೆಗೆ ಅವಕಾಶವಿದೆ. ತಡವಾದರೆ ಸೂಕ್ತ ಕಾರಣ ತೋರಿಸಿ ವಿಳಂಬ ಮನ್ನಿಸುವಂತೆ ಕೋರಬಹುದು. ಆದರೆ ನೋಟೀಸಿನ 30 ದಿನಗಳಿಗೆ ಇಂಥ ಮನ್ನಣೆಯನ್ನು ಕಲಮು ಹೇಳಿಲ್ಲ.

ಅವಸರವೂ ಅಪಾಯಕರವೇ. ಹದಿನೈದು ದಿನ ತುಂಬುವ ಮೊದಲೇ ಸಲ್ಲಿಸಿದ ಫಿರ್ಯಾದು ಕಾನೂನಿನ ಕಣ್ಣಿನಲ್ಲಿ ಫಿರ್ಯಾದೇ ಅಲ್ಲವೆಂದು 2014ರ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಎಲ್ಲಿ ಫಿರ್ಯಾದು ಹೂಡಬೇಕೆಂಬ ಪ್ರಶ್ನೆಗೆ ಈಗ ಉತ್ತರ ಸರಳ. ಹಣ ಬರಬೇಕಾದವರ ಖಾತೆ ಯಾವ ಶಾಖೆಯಲ್ಲಿದೆಯೋ ಆ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ. 2014ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ ಚೆಕ್ ಬರೆದವರ ಬ್ಯಾಂಕ್ ಇದ್ದಲ್ಲಿಗೇ ಹೋಗಬೇಕಾಗಿತ್ತು. ಆ ದಿನಗಳಲ್ಲಾದರೆ ಸಿಂಧನೂರಿನ ಗಿರಣಿಯವರು, ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯ ಚೆಕ್ಕಿಗಾಗಿ ಲಿಂಗಸುಗೂರಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು. 2015ರ ತಿದ್ದುಪಡಿ ಅದನ್ನು ಬದಲಿಸಿತು. ಲಿಂಗಸುಗೂರಿಗೆ ವಸೂಲಿಗೆ ಹೋದ ಗುಮಾಸ್ತರು ಅಲ್ಲಿಯ ಶಾಖೆಯಲ್ಲಿ ಚೆಕ್ ಕೊಟ್ಟು ಬಂದರೂ, ಖಾತೆಯಿರುವ ಸಿಂಧನೂರಿನ ಶಾಖೆಗೆ ಕೊಟ್ಟಂತೆಯೇ ಎಣಿಕೆಯಾಗುತ್ತದೆ.

ನೋಟೀಸಿನ ಒಳಗೆ

ನೋಟೀಸಿಗೆ ನಿಗದಿತ ನಮೂನೆಯಿಲ್ಲ. ಆದರೆ ಅದರಲ್ಲಿ ಚೆಕ್ಕಿನ ಮೊತ್ತವನ್ನು ಕೊಡಬೇಕೆಂಬ ಬೇಡಿಕೆ ಸ್ಪಷ್ಟವಾಗಿರಲೇಬೇಕು. ಬಡ್ಡಿ, ಬ್ಯಾಂಕಿನ ಖರ್ಚು, ನೋಟೀಸಿನ ಖರ್ಚು ಕೇಳಬಾರದೆಂದಿಲ್ಲ. ಕೇಳುವುದಾದರೆ ಚೆಕ್ಕಿನ ಮೊತ್ತದಿಂದ ಬೇರೆಯಾಗಿ ತೋರಿಸಬೇಕು. ಖಾತೆಯ ಒಟ್ಟು ಬಾಕಿಯನ್ನೆಲ್ಲ ಒಂದೇ ಅಂಕಿಯಾಗಿ ಸೇರಿಸಿ ಕೇಳುವ ಪದ್ಧತಿ ಮಾರಕವಾದದ್ದು. 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಚೆಕ್ ಒಂದು ಕೋಟಿ ರೂಪಾಯಿಯದು, ನೋಟೀಸಿನಲ್ಲಿ ಬರೆದದ್ದು ಎರಡು ಕೋಟಿ. ಬೆರಳಚ್ಚಿನ ತಪ್ಪೆಂಬ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ನೋಟೀಸು ಅಸಿಂಧುವಾಯಿತು, ಅದರೊಡನೆ ಪ್ರಕರಣವೂ ಬಿದ್ದುಹೋಯಿತು. ವಕೀಲರ ಕಚೇರಿಯಲ್ಲಿ ಸಿದ್ಧವಾದ ನೋಟೀಸನ್ನು ಅಂಚೆಗೆ ಹಾಕುವ ಮೊದಲು ಚೆಕ್ ಪಕ್ಕದಲ್ಲಿಟ್ಟುಕೊಂಡು ಮಾಲೀಕರೇ ಒಮ್ಮೆ ಓದುವುದಕ್ಕೆ ಐದು ನಿಮಿಷ ಸಾಕು.

ನೋಟೀಸು ತೆಗೆದುಕೊಳ್ಳದೆ ತಪ್ಪಿಸಿಕೊಳ್ಳುವುದು ಹಳೆಯ ಉಪಾಯ. "ಬಾಗಿಲು ಹಾಕಿದೆ", "ನಿರಾಕರಿಸಿದ್ದಾರೆ" ಎಂಬ ಷರಾದೊಡನೆ ಲಕೋಟೆ ಮರಳಿ ಬರುತ್ತದೆ. ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದ್ದರೆ ಅದು ಮುಟ್ಟಿದೆಯೆಂದೇ ಭಾವಿಸಬೇಕೆಂದು 2007ರ ಸಿ.ಸಿ. ಅಲವಿ ಹಾಜಿ ಪ್ರಕರಣದ ತೀರ್ಪು ಹೇಳುತ್ತದೆ. ನೋಟೀಸೇ ಬಂದಿಲ್ಲವೆನ್ನುವ ಆರೋಪಿಯು ನ್ಯಾಯಾಲಯದ ಸಮನ್ಸು ಬಂದ 15 ದಿನಗಳೊಳಗೆ ಹಣ ಕಟ್ಟಬಹುದಿತ್ತು ಎಂಬುದು ಅದರ ತರ್ಕ. ಮರಳಿದ ಲಕೋಟೆಯನ್ನು ಒಡೆಯದೆ ಹಾಗೆಯೇ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು.

ಸಹಿಯೊಂದರಿಂದ ಎಷ್ಟು ಸಾಬೀತಾಗುತ್ತದೆ?

ಈಗ ಪ್ರಕರಣ ನ್ಯಾಯಾಲಯದಲ್ಲಿದೆ. ಗಿರಣಿಯವರು ಮೊದಲು ತೋರಿಸಬೇಕಾದವು ಇವು: ಚೆಕ್ ಆರೋಪಿಯ ಖಾತೆಯದು, ಸಹಿ ಅವರದು, ಅವಧಿಯೊಳಗೆ ಬ್ಯಾಂಕಿಗೆ ಹೋಗಿದೆ, ಹಣವಿಲ್ಲದೆ ಮರಳಿದೆ, ನೋಟೀಸು ಮುಟ್ಟಿಯೂ ಹಣ ಬಂದಿಲ್ಲ. ಇದಕ್ಕೆ ಮೂಲ ಚೆಕ್, ಬ್ಯಾಂಕಿನ ಮೆಮೊ, ನೋಟೀಸಿನ ಪ್ರತಿ, ಅಂಚೆಯ ರಸೀತಿ ಮತ್ತು ಸ್ವೀಕೃತಿ ಸಾಕು. ಮೆಮೊ ಚೀಟಿಯ ಮೇಲೆ ಬ್ಯಾಂಕಿನ ಅಧಿಕೃತ ಗುರುತಿದ್ದರೆ ಚೆಕ್ ಅಮಾನ್ಯವಾದದ್ದಕ್ಕೆ ಅದೇ ಪ್ರಥಮ ಸಾಕ್ಷ್ಯ. ವ್ಯವಸ್ಥಾಪಕರನ್ನು ಸಾಕ್ಷಿಗೆ ಕರೆಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಮುಖ್ಯ ಸಾಕ್ಷ್ಯವನ್ನು ಅಫಿಡವಿಟ್ ರೂಪದಲ್ಲಿಯೇ ಕೊಡಬಹುದು.

ಸಹಿ ಒಪ್ಪಿತವಾದೊಡನೆ 139ನೆಯ ಕಲಮು ಕೆಲಸ ಮಾಡತೊಡಗುತ್ತದೆ. ಚೆಕ್ಕನ್ನು ಸಾಲ ಅಥವಾ ಹೊಣೆ ತೀರಿಸುವುದಕ್ಕಾಗಿಯೇ ಕೊಟ್ಟದ್ದೆಂದು ನ್ಯಾಯಾಲಯ ಪೂರ್ವಭಾವನೆ ಮಾಡಿಕೊಳ್ಳಬೇಕೆಂಬುದು ಅದರ ಆದೇಶ. ಈ ಪೂರ್ವಭಾವನೆ ಎಷ್ಟರಮಟ್ಟಿಗೆ ವ್ಯಾಪಿಸುತ್ತದೆಂಬ ಗೊಂದಲವನ್ನು ಬಿಡಿಸಿದ್ದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣ. ರಂಗಪ್ಪ ವಿರುದ್ಧ ಶ್ರೀ ಮೋಹನ್ ಎಂಬ ಆ ಪ್ರಕರಣದಲ್ಲಿ ಚೆಕ್ಕಿನ ಮೊತ್ತ ಕೇವಲ ರೂ. 45,000. ಚೆಕ್ ಕಳೆದುಹೋಗಿತ್ತು, ಅದು ದುರುಪಯೋಗವಾಗಿದೆ ಎಂಬುದು ಆರೋಪಿಯ ವಾದ. ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು, ಉಚ್ಚ ನ್ಯಾಯಾಲಯ ಶಿಕ್ಷಿಸಿತು. 2010ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ಕಾನೂನುಬದ್ಧವಾಗಿ ವಸೂಲಿಗೆ ಅರ್ಹವಾದ ಸಾಲವಿದೆಯೆಂಬುದನ್ನೂ ಪೂರ್ವಭಾವನೆ ಒಳಗೊಳ್ಳುತ್ತದೆಂದು ತೀರ್ಮಾನಿಸಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆರೋಪಿ ನೋಟೀಸಿಗೆ ಉತ್ತರವನ್ನೇ ಕೊಡದೆ ಇದ್ದದ್ದೂ ಅವರ ವಿರುದ್ಧವೇ ತೂಗಿತು. ಚೆಕ್ ಕೊಟ್ಟ ವರ್ತಕರೂ ಈ ಮಾತನ್ನು ಗಮನಿಸಬೇಕು: ನಿಜವಾದ ತಕರಾರು ಇದ್ದವರು ಅದನ್ನು ಮೊದಲು ಹೇಳಬೇಕಾದ ಸ್ಥಳ ನೋಟೀಸಿನ ಉತ್ತರವೇ.

ಸಹಿ ಮಾತ್ರ ತಮ್ಮದು, ಉಳಿದ ಬರವಣಿಗೆ ಬೇರೆಯವರದು ಎಂಬ ವಾದಕ್ಕೂ ಹೆಚ್ಚು ಬಲವಿಲ್ಲ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಪೂರ್ವಭಾವನೆ ಅನ್ವಯಿಸುತ್ತದೆಂದು 2019ರ ಬೀರ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಆದರೆ ಪೂರ್ವಭಾವನೆ ಮುರಿಯಬಲ್ಲದ್ದು. ಅದನ್ನು ಮುರಿಯಲು ಆರೋಪಿಯು ಸಂಶಯಾತೀತವಾಗಿ ಏನನ್ನೂ ಸಾಬೀತುಪಡಿಸಬೇಕಿಲ್ಲ. ತನ್ನ ವಾದ ಹೆಚ್ಚು ಸಂಭವನೀಯವೆಂದು ತೋರಿಸಿದರೆ ಸಾಕು. ಸಾಕ್ಷಿಕಟ್ಟೆ ಹತ್ತದೆಯೂ, ಫಿರ್ಯಾದುದಾರರ ಪಾಟೀಸವಾಲಿನಿಂದಲೇ ಅದನ್ನು ಸಾಧಿಸಬಹುದು. ಹಾಗೆ ಸಂಶಯ ಹುಟ್ಟಿದಾಗ ಸಾಬೀತಿನ ಹೊರೆ ಮರಳಿ ಹಣ ಬರಬೇಕಾದವರ ಹೆಗಲಿಗೆ ಬರುತ್ತದೆ.

ಇದು ಹೇಗೆ ನಡೆಯುತ್ತದೆಂಬುದಕ್ಕೆ ಕರ್ನಾಟಕದ್ದೇ ಆದ ಇನ್ನೊಂದು ಪ್ರಕರಣ, ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ. ಫಿರ್ಯಾದುದಾರರು ನಿವೃತ್ತ ಬಸ್ ಕಂಡಕ್ಟರು. ಆರು ಲಕ್ಷ ರೂಪಾಯಿ ಕೈಗಡ ಕೊಟ್ಟದ್ದಕ್ಕೆ ಬಂದ ಚೆಕ್ ಅಮಾನ್ಯವಾಯಿತೆಂಬುದು ಅವರ ದೂರು. ಚೆಕ್ ಇತ್ತು, ಸಹಿ ಇತ್ತು, ಹಣ ಸಾಲದೆಂಬ ಮೆಮೊ ಇತ್ತು. ಪಾಟೀಸವಾಲಿನಲ್ಲಿ ಕೇಳಿದ್ದು ಒಂದೇ ವಿಷಯ: ಆರು ಲಕ್ಷ ಎಲ್ಲಿಂದ ಬಂತು? ನಿವೃತ್ತಿಯ ಹಣ ಬಂದು ವರ್ಷಗಳು ಕಳೆದಿದ್ದವು. ಅದೇ ಕಾಲದ ಆಸುಪಾಸಿನಲ್ಲಿ ಬೇರೆಡೆಗೂ ಅವರು ದೊಡ್ಡ ಮೊತ್ತಗಳನ್ನು ಕೊಟ್ಟಿದ್ದರು. ಇವಕ್ಕೆಲ್ಲ ಹಣದ ಮೂಲವನ್ನು ತೋರಿಸುವ ದಾಖಲೆ ಬರಲಿಲ್ಲ. ವಿಚಾರಣಾ ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿತು. 2018ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ ಶಿಕ್ಷಿಸಿತು. 2019ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯ ಬಿಡುಗಡೆಯೇ ಸರಿಯೆಂದಿತು. ಕೊಡುವ ಶಕ್ತಿಯನ್ನು ಪ್ರಶ್ನಿಸಿದ ಮೇಲೆ ಅದನ್ನು ಸಾಬೀತುಪಡಿಸುವ ಹೊಣೆ ಫಿರ್ಯಾದುದಾರರದೇ ಆಗಿತ್ತು ಎಂಬುದು ತೀರ್ಪಿನ ತಿರುಳು.

ಈ ತೀರ್ಪು ವರ್ತಕರನ್ನು ಕಾಡುವುದು ಸರಕಿನ ಬಾಕಿಯಲ್ಲಿ ಅಲ್ಲ, ಕೈಗಡದಲ್ಲಿ. ಹಂಗಾಮಿನಲ್ಲಿ ಒಬ್ಬ ವರ್ತಕರು ಮತ್ತೊಬ್ಬರಿಗೆ ನಾಲ್ಕಾರು ಲಕ್ಷ ನಗದು ಕೊಟ್ಟು ಚೆಕ್ ಇಟ್ಟುಕೊಳ್ಳುವುದುಂಟು. ಕಿರ್ದಿಯಲ್ಲಿ ಬರೆದಿರುವುದಿಲ್ಲ, ಆದಾಯ ತೆರಿಗೆಯ ವಿವರಣ ಪಟ್ಟಿಯಲ್ಲಿಯೂ ತೋರಿಸಿರುವುದಿಲ್ಲ. ಇಪ್ಪತ್ತು ಸಾವಿರ ಮೀರಿದ ಸಾಲವನ್ನು ನಗದಾಗಿ ಪಡೆದದ್ದರಿಂದಷ್ಟೇ ಅದು ವಸೂಲಿಗೆ ಅನರ್ಹವಾಗುವುದಿಲ್ಲವೆಂದು 2025ರ ಸೆಪ್ಟೆಂಬರ್ 25ರಂದು ಸರ್ವೋಚ್ಚ ನ್ಯಾಯಾಲಯ ಸಂಜಬಿಜ್ ತಾರಿ ಪ್ರಕರಣದಲ್ಲಿ ಹೇಳಿರುವುದು ನಿಜ. ಆದರೂ ಹಣವಿತ್ತೇ, ಇದ್ದರೆ ಎಲ್ಲಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬ್ಯಾಂಕಿನ ಮೂಲಕ ಕೊಟ್ಟ ಕೈಗಡಕ್ಕೆ ಲೆಕ್ಕಪಟ್ಟಿಯ ಒಂದು ಸಾಲೇ ಉತ್ತರವಾಗುತ್ತದೆ.

ಗಿರಣಿಯವರ ದಾಖಲೆ

ಸರಕಿನ ಮಾರಾಟದಲ್ಲಿ ಆರೋಪಿಯ ವಾದ ಬೇರೆ ರೂಪದಲ್ಲಿ ಬರುತ್ತದೆ. ಉದಾಹರಣೆಯ ಮಸ್ಕಿಯ ವರ್ತಕರು ಎರಡು ಮಾತು ಹೇಳಬಹುದು: ಚೆಕ್ಕನ್ನು ಭದ್ರತೆಗೆಂದು ಕೊಟ್ಟಿದ್ದೆ, ಅಕ್ಕಿ ಬಂದೇ ಇಲ್ಲ. ಮೊದಲನೆಯದು ಒಂಟಿಯಾಗಿ ನಿಲ್ಲುವುದಿಲ್ಲ. ಭದ್ರತೆಗೆ ಕೊಟ್ಟ ಚೆಕ್ಕಾದರೂ, ಬ್ಯಾಂಕಿಗೆ ಹಾಕಿದ ದಿನ ಅಷ್ಟು ಬಾಕಿ ನಿಜವಾಗಿದ್ದರೆ 138ನೆಯ ಕಲಮು ಅನ್ವಯಿಸುತ್ತದೆ. ಆದ್ದರಿಂದ ಎರಡನೆಯ ಮಾತಿಗೇ ಎಲ್ಲ ಭಾರ.

ಅದಕ್ಕೆ ಉತ್ತರ ಸರಕಿನ ಹಾದಿಯನ್ನು ತೋರಿಸುವ ಕಾಗದಗಳು. ಬಿಲ್ಲು ಗಿರಣಿಯವರೇ ಬರೆದದ್ದು. ಅದರಿಂದ ಅಕ್ಕಿ ಮುಟ್ಟಿತೆಂದು ಸಾಬೀತಾಗದು. ತೂಕದ ಚೀಟಿ, ಲಾರಿಯ ಬಾಡಿಗೆ ರಸೀತಿ, ಇ-ವೇ ಬಿಲ್ ಅನ್ವಯಿಸುವ ಸರಕಾದರೆ ಅದರ ಪ್ರತಿ, ಎಲ್ಲಕ್ಕಿಂತ ಹೆಚ್ಚಾಗಿ ಬಿಲ್ಲಿನ ಪ್ರತಿಯ ಮೇಲೆ ಸರಕು ಇಳಿಸಿಕೊಂಡವರ ಸಹಿ ಮತ್ತು ಅಂಗಡಿಯ ಮೊಹರು ಬೇಕು. ಚಾಲಕರ ಕೈಯಲ್ಲಿ ಕೊಟ್ಟ ಪ್ರತಿ ಸಹಿಯಾಗಿ ಮರಳಿ ಬಂದಿದೆಯೇ ಎಂದು ನೋಡುವ ಅಭ್ಯಾಸ ಬಹಳಷ್ಟು ಗಿರಣಿಗಳಲ್ಲಿ ಇನ್ನೂ ಬೆಳೆದಿಲ್ಲ.

ಖಾತೆ ಪುಸ್ತಕಕ್ಕೂ ಬೆಲೆಯಿದೆ, ಮಿತಿಯೂ ಇದೆ. ವ್ಯವಹಾರದ ಕ್ರಮದಲ್ಲಿ ನಿಯಮಿತವಾಗಿ ಬರೆದ ಲೆಕ್ಕವನ್ನು ನ್ಯಾಯಾಲಯ ಪರಿಗಣಿಸುತ್ತದೆ, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸುವುದಿಲ್ಲ. ಲೆಕ್ಕ ಕಂಪ್ಯೂಟರಿನಲ್ಲಿದ್ದರೆ, ಅಥವಾ ಬಾಕಿಯನ್ನು ಒಪ್ಪಿಕೊಂಡ ಸಂದೇಶ ಮೊಬೈಲಿನಲ್ಲಿದ್ದರೆ, ಮುದ್ರಿತ ಪ್ರತಿಯ ಜೊತೆಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಲಗತ್ತಾಗಬೇಕು. "ಮುಂದಿನ ವಾರ ಮೂರು ಎಂಬತ್ತು ಹಾಕುತ್ತೇನೆ" ಎಂಬ ಒಂದು ಸಾಲಿನ ಸಂದೇಶ ಹತ್ತು ಪುಟಗಳ ಖಾತೆಗಿಂತ ಹೆಚ್ಚು ತೂಗುವ ಸಂದರ್ಭಗಳಿವೆ.

ಖಾತೆಯಲ್ಲಿ ಆ ಒಂದು ಲಕ್ಷದ ಜಮೆ, ಹಳೆಯ ಚೆಕ್ ಮರಳಿಸಿದ ದಿನ, ಹೊಸ ಚೆಕ್ಕಿನ ಸಂಖ್ಯೆ ಇವು ಕಾಣುವಂತಿದ್ದರೆ ಪಾಟೀಸವಾಲಿನಲ್ಲಿ ಗಿರಣಿಯವರು ಅಂಜಬೇಕಾದದ್ದು ಹೆಚ್ಚೇನೂ ಇಲ್ಲ.

ಕಾಲ ಮತ್ತು ರಾಜಿ

ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕೆಂದು ಅಧಿನಿಯಮ ಹೇಳುತ್ತದೆ; ಬಹುತೇಕ ಪ್ರಕರಣಗಳು ಅದನ್ನು ಮೀರಿ ಎಳೆಯುತ್ತವೆ. 2018ರ ಸೆಪ್ಟೆಂಬರ್ 1ರಿಂದ, ಆರೋಪಿಯು ತಪ್ಪೊಪ್ಪಿಕೊಳ್ಳದಿದ್ದಾಗ ಚೆಕ್ಕಿನ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಉದಾಹರಣೆಯಲ್ಲಿ ಅದು ಹೆಚ್ಚೆಂದರೆ ರೂ. 76,000. ಕೇಳಿದ ಮಾತ್ರಕ್ಕೆ ದೊರೆಯುವ ಹಕ್ಕು ಇದಲ್ಲ. ಮೇಲ್ನೋಟಕ್ಕೆ ಪ್ರಕರಣ ಬಲವಾಗಿದೆಯೇ ಎಂದು ನ್ಯಾಯಾಧೀಶರು ನೋಡಬೇಕೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ರಾಜಿ ಯಾವ ಹಂತದಲ್ಲಿಯೂ ಸಾಧ್ಯ, ತಡವಾದಷ್ಟೂ ಆರೋಪಿಗೆ ಖರ್ಚು ಹೆಚ್ಚು. ಸಂಜಬಿಜ್ ತಾರಿ ತೀರ್ಪಿನಲ್ಲಿ ನ್ಯಾಯಾಲಯ ಹಳೆಯ ದರಗಳನ್ನು ಇಳಿಸಿದೆ: ಆರೋಪಿಯ ಪರ ಸಾಕ್ಷ್ಯ ದಾಖಲಾಗುವ ಮೊದಲು ಹಣ ಕೊಟ್ಟು ರಾಜಿಯಾದರೆ ಹೆಚ್ಚುವರಿ ಖರ್ಚಿಲ್ಲ; ಅದರ ನಂತರ, ತೀರ್ಪಿಗೆ ಮೊದಲು, ಚೆಕ್ಕಿನ ಮೊತ್ತದ ಶೇ. 5, ಸೆಷನ್ಸ್ ಅಥವಾ ಉಚ್ಚ ನ್ಯಾಯಾಲಯದಲ್ಲಿ ಶೇ. 7.5, ಸರ್ವೋಚ್ಚ ನ್ಯಾಯಾಲಯದಲ್ಲಿ ಶೇ. 10. ಈ ಖರ್ಚು ಹೋಗುವುದು ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನ್ಯಾಯಾಲಯ ಸೂಚಿಸುವ ಅಂಥ ಸಂಸ್ಥೆಗೆ, ಫಿರ್ಯಾದುದಾರರಿಗಲ್ಲ.

ಇಷ್ಟರ ನಡುವೆ ಮರೆತುಹೋಗುವ ಗಡುವು ಇನ್ನೊಂದಿದೆ. ಚೆಕ್ ಪ್ರಕರಣ ನಡೆಯುತ್ತಿದೆಯೆಂಬ ಕಾರಣಕ್ಕೆ ಸಿವಿಲ್ ದಾವೆಯ ಮೂರು ವರ್ಷಗಳ ಕಾಲಮಿತಿ ನಿಲ್ಲುವುದಿಲ್ಲ. ನೋಟೀಸಿನ ಅಂಕಿಯ ದೋಷದಿಂದಲೋ ಗಡುವು ತಪ್ಪಿದ್ದರಿಂದಲೋ ಕ್ರಿಮಿನಲ್ ಪ್ರಕರಣ ಬಿದ್ದುಹೋದರೂ ಅಕ್ಕಿಯ ಬಾಕಿ ಬಾಕಿಯಾಗಿಯೇ ಇರುತ್ತದೆ, ಅದನ್ನು ಸಿವಿಲ್ ನ್ಯಾಯಾಲಯದಲ್ಲಿ ಕೇಳಬಹುದು. ಆದರೆ ಅಷ್ಟರಲ್ಲಿ ಮೂರು ವರ್ಷ ಕಳೆದಿರಬಾರದು. ಗಿರಣಿಯವರ ಉದಾಹರಣೆಯಲ್ಲಿ ಅರವತ್ತು ದಿನಗಳ ಉದ್ರಿ ಮುಗಿದದ್ದು 2025ರ ಮಾರ್ಚ್‌ನಲ್ಲಿ; 2028ರ ಮಾರ್ಚ್ ಸಮೀಪಿಸುವ ಮೊದಲೇ ವಕೀಲರ ಬಳಿ ದಾವೆಯ ಮಾತನ್ನು ಎತ್ತಬೇಕಾಗುತ್ತದೆ.